ಶೇರ್ ಮಾಡಿ ಅಂತ ಕೇಳುವುದನ್ನು ನಿಲ್ಲಿಸಿದ ಮೇಲೆ

ಹಿಂದೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸೋಶಿಯಲ್ ಮೀಡಿಯಾ ನೋಡಿಕೊಳ್ಳುತ್ತಿದ್ದೆ. ಪ್ರತಿ ಸೋಮವಾರ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಲಿಂಕ್ ಹಾಕುತ್ತಿದ್ದೆ, ಜೊತೆಗೆ ರೆಡಿ ಕ್ಯಾಪ್ಶನ್. "ಎಲ್ಲರೂ ಲಿಂಕ್ಡ್‌ಇನ್‌ನಲ್ಲಿ ಶೇರ್ ಮಾಡಿ, ಆದ ಮೇಲೆ ಇಲ್ಲಿ ಡನ್ ಅಂತ ಹಾಕಿ." ಸ್ವಲ್ಪ ದಿನಕ್ಕೆ ಮ್ಯಾನೇಜರ್ ಒಬ್ಬರು ಯಾರು ಮಾಡಿದರು, ಯಾರು ಮಾಡಿಲ್ಲ ಅಂತ ಶೀಟ್ ಶುರು ಮಾಡಿದರು.

40 ಜನರಲ್ಲಿ 30 ಜನ ಶೇರ್ ಮಾಡುತ್ತಿದ್ದರು. ನನಗೂ ಖುಷಿಯಾಗಿತ್ತು. ಒಂದು ದಿನ ಕೂತು ಆ ಪೋಸ್ಟ್‌ಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆ. ಎಲ್ಲವೂ ನನ್ನ ಮೆಸೇಜ್ ಹೋದ ಅರ್ಧ ಗಂಟೆಯೊಳಗೆ ಬಂದಿದ್ದವು. ಮಾತು ಒಂದಕ್ಷರವೂ ಬದಲಾಗಿರಲಿಲ್ಲ. ಲೈಕ್ ಒತ್ತಿದವರು ನಮ್ಮ ಆಫೀಸಿನವರೇ. ಹೊರಗಿನವರ ಕಾಮೆಂಟ್ ಒಂದೂ ಇರಲಿಲ್ಲ. ನಮ್ಮಲ್ಲಿ ನಾಲ್ಕೈದು ಜನರ ಪರಿಚಯ ಇರುವವರಿಗೆ ಒಂದೇ ಸಾಲು ನಾಲ್ಕೈದು ಸಲ ಕಾಣುತ್ತದೆ. ಇದು ಹೇಳಿಸಿದ ಮಾತು ಅಂತ ಅವರಿಗೆ ಗೊತ್ತಾಗದೇ ಇರುತ್ತದಾ?

ಅವತ್ತೇ ಶೀಟ್ ನಿಲ್ಲಿಸಿ ಅಂತ ಕೇಳಿದೆ. ಒಪ್ಪಿಸಲು ಎರಡು ವಾರ ಹಿಡಿಯಿತು.

ಆಮೇಲೆ ದಾರಿಯನ್ನೇ ತಿರುಗಿಸಿದೆವು. ಕಂಪನಿಯ ಪೋಸ್ಟನ್ನು ಸಿಬ್ಬಂದಿ ಹಂಚುವ ಬದಲು, ಸಿಬ್ಬಂದಿ ಬರೆದದ್ದನ್ನು ಕಂಪನಿಯ ಪೇಜ್ ಹಂಚುವುದು. ಸಪೋರ್ಟ್ ಟೀಮಿನಲ್ಲಿ ಒಬ್ಬರಿದ್ದರು. ಗ್ರಾಹಕರು ಪಾಸ್‌ವರ್ಡ್ ಬದಲಿಸುವಾಗ ಪದೇ ಪದೇ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುವುದನ್ನು ಅವರು ಗಮನಿಸಿ, ಆ ಸ್ಕ್ರೀನಿನ ಒಂದು ವಾಕ್ಯ ಬದಲಿಸಲು ಹೇಳಿದ್ದರು. ಕರೆಗಳು ಕಡಿಮೆಯಾಗಿದ್ದವು. ನಮ್ಮ ಅಧಿಕೃತ ಪೋಸ್ಟ್‌ನಲ್ಲಿ ಅದು "ಉತ್ತಮಗೊಂಡ ಬಳಕೆದಾರ ಅನುಭವ" ಆಗಿತ್ತು! ನಾನು ಹದಿನೈದು ನಿಮಿಷ ಅವರ ಜೊತೆ ಮಾತಾಡಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಂಡು ಕೊಟ್ಟೆ. "ಬೇಕಿದ್ದರೆ ಹಾಕಿ, ಬೇಡ ಅಂದರೆ ಬಿಡಿ, ನಾನು ಮತ್ತೆ ಕೇಳಲ್ಲ" ಅಂದೆ. ನಾಲ್ಕು ದಿನ ಸುಮ್ಮನಿದ್ದು, ಅರ್ಧ ತಿದ್ದಿ, ಹಾಕಿದರು. ಬೇರೆ ಕಂಪನಿಯ ಸಪೋರ್ಟ್‌ನವರು ಬಂದು "ಯಾವ ವಾಕ್ಯ ಬದಲಿಸಿದಿರಿ?" ಅಂತ ಕೇಳಿದರು. ಅಂಥ ಪ್ರಶ್ನೆ ಆ 30 ಶೇರ್‌ಗಳಿಗೆ ಒಂದು ಸಲವೂ ಬಂದಿರಲಿಲ್ಲ.

ಗೆರೆ ಬೇಕು, ನಿಜ. ಗ್ರಾಹಕರ ಹೆಸರು, ಇನ್ನೂ ಬಿಡುಗಡೆಯಾಗದ ವಿಷಯ ಬರೆಯಬಾರದು. ಕಂಪನಿಯ ಪ್ರಾಡಕ್ಟ್ ಹೊಗಳುವಾಗ ತಾನು ಅಲ್ಲೇ ಕೆಲಸ ಮಾಡುವುದು ಅಂತ ಪೋಸ್ಟ್‌ನಲ್ಲೇ ಹೇಳಬೇಕು. ಜಾಹೀರಾತಿನಲ್ಲಿ ಗ್ರಾಹಕರಿಗೆ ಮೋಸ ಆಗದಂತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿಯ ಮಾರ್ಗಸೂಚಿಯೂ ಇದನ್ನೇ ಕೇಳುತ್ತದೆ. ಇಷ್ಟನ್ನು ಅರ್ಧ ಪುಟದಲ್ಲಿ ಬರೆದು ಕೊಟ್ಟೆವು. ಅದಕ್ಕಿಂತ ಜಾಸ್ತಿ ನಿಯಮ ಹಾಕಿದರೆ ಜನ ಹೆದರಿ ಮತ್ತೆ ರೆಡಿ ಕ್ಯಾಪ್ಶನ್ನೇ ಕೇಳುತ್ತಾರೆ.

ಬರೆಯುವವರು ತಿಂಗಳಿಗೆ ಐದಾರು ಜನಕ್ಕೆ ಇಳಿದರು. ಮೇಲಿನವರಿಗೆ ಅದು ಸೋಲಿನ ಹಾಗೆ ಕಂಡಿತು, ನನಗೆ ಹಾಗನ್ನಿಸಲಿಲ್ಲ. ಉಳಿದವರಲ್ಲಿ ಹಲವರು ತಮ್ಮ ಪ್ರೊಫೈಲಿಗೆ ಆಫೀಸನ್ನು ತರುವುದೇ ಇಲ್ಲ. ಅದು ಅವರ ಜಾಗ ಅಲ್ವಾ? ವಾರ್ಷಿಕ ಮೌಲ್ಯಮಾಪನದಲ್ಲಿ ಶೇರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ಎಚ್‌ಆರ್ ಕೈಯಲ್ಲಿ ಮೇಲ್ ಕಳಿಸಿದ ಮೇಲೆಯೇ, ಆ ಹಳೇ ಗ್ರೂಪಿನಿಂದ ಹನ್ನೊಂದು ಜನ ನೆಮ್ಮದಿಯಾಗಿ ಹೊರಗೆ ಬಂದರು.