ದಂಗೆ, ಕಾಟಕಾಯಿ, ಸಮರ: 1837ರ ಒಂದೇ ಘಟನೆಯ ಮೂರು ಹೆಸರು

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡ ಮೇಲೆ ಅಮರ ಸುಳ್ಯದ ಸೀಮೆ ಕೆನರಾ ಜಿಲ್ಲೆಗೆ ಸೇರಿತು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ರೈತರು ನಗದಾಗಿ ಕಟ್ಟಬೇಕಾಯಿತು. 1837ರಲ್ಲಿ ಆ ಸೀಮೆಯ ಜನ ಆಯುಧ ಹಿಡಿದು ಬೆಳ್ಳಾರೆಯ ಖಜಾನೆಯನ್ನು ಕೈವಶ ಮಾಡಿಕೊಂಡರು. ಏಪ್ರಿಲ್ ತಿಂಗಳಲ್ಲಿ ಮಂಗಳೂರನ್ನೂ ಹಿಡಿದು ಸುಮಾರು ಎರಡು ವಾರ ಉಳಿಸಿಕೊಂಡರು. ಕೊನೆಗೆ ಕಂಪನಿಯ ಸೈನ್ಯ ಅವರನ್ನು ಸೋಲಿಸಿತು, ಮುಂದಾಳುಗಳಲ್ಲಿ ಕೆಲವರಿಗೆ ಗಲ್ಲಾಯಿತು.

ಇದನ್ನು 'ದಂಗೆ' ಎಂದವರು ಆಳುವವನ ಅಧಿಕಾರ ನ್ಯಾಯವಾದದ್ದೆಂದು ಹೇಳದೆಯೇ ಒಪ್ಪಿಕೊಳ್ಳುತ್ತಾರೆ. ಮುಂದಾಳೊಬ್ಬನ ಹೆಸರು ಹೊತ್ತು ಕರಾವಳಿಯ ಆಡುಮಾತಿನಲ್ಲಿ ಉಳಿದುಬಂದ 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರು ಇನ್ನೂ ಕಠಿಣವಾದದ್ದು. ಕಾಟಕಾಯಿ ಎಂದರೆ ಸುಲಿಗೆ, ಹಾಗಾಗಿ ಕಂದಾಯದ ಸಂಕಟವು ಆ ಹೆಸರಿನಲ್ಲಿ ಪೂರ್ತಿ ಮರೆಯಾಗುತ್ತದೆ. ಇಂದು ನಾವು 'ಅಮರ ಸುಳ್ಯದ ಸ್ವಾತಂತ್ರ್ಯ ಸಮರ' ಎನ್ನುತ್ತೇವೆ. ಘಟನೆ ಬದಲಾಗಿಲ್ಲ, ಅದನ್ನು ನೋಡುವ ಕಣ್ಣು ಬದಲಾಗಿದೆ.

ಹೆಸರಿನ ಪಕ್ಷಪಾತವಾದರೂ ಬೇಗ ಕಾಣುತ್ತದೆ, ಕ್ರಿಯಾಪದದ್ದು ಕಾಣುವುದಿಲ್ಲ. ಬೆಳ್ಳಾರೆಯ ಖಜಾನೆಯನ್ನು 'ದೋಚಿದರು' ಎಂದರೆ ಅವರು ಕಳ್ಳರು, 'ವಶಪಡಿಸಿಕೊಂಡರು' ಎಂದರೆ ಸೈನಿಕರು, 'ಮರಳಿ ಪಡೆದರು' ಎಂದರೆ ಹಣದ ನಿಜವಾದ ಒಡೆಯರು. ಹಣ ಕೈಬದಲಾಯಿತು ಎಂಬ ಸಂಗತಿಯಷ್ಟೇ ಮೂರರಲ್ಲೂ ಸಮಾನ. ಪುಟ್ಟಬಸಪ್ಪ ಎಂಬಾತ ಕೊಡಗನ್ನು ಆಳಿದ ಹಾಲೇರಿ ರಾಜವಂಶದ ಕಲ್ಯಾಣಸ್ವಾಮಿ ಎನಿಸಿಕೊಂಡು ಮುಂದೆ ನಿಂತದ್ದನ್ನು ಒಬ್ಬರು 'ವಂಚನೆ' ಎಂದೂ ಇನ್ನೊಬ್ಬರು 'ತಂತ್ರ' ಎಂದೂ ಬರೆಯಬಹುದು. ಇದಕ್ಕಿಂತ ಸೂಕ್ಷ್ಮವಾದದ್ದು ನಮ್ಮ ವ್ಯಾಕರಣದೊಳಗೇ ಇದೆ: 'ಕೆದಂಬಾಡಿ ರಾಮಯ್ಯ ಗೌಡ ದಾಳಿ ಮಾಡಿದ' ಎಂಬುದಕ್ಕೂ 'ರಾಮಯ್ಯ ಗೌಡರು ಮುನ್ನಡೆಸಿದರು' ಎಂಬುದಕ್ಕೂ ನಡುವೆ, ಒಂದು ಗುಣವಾಚಕವನ್ನೂ ಬಳಸದೆ, ತೀರ್ಪು ಹೊರಬಿದ್ದಿರುತ್ತದೆ.

ಹಾಗೆಂದು ಎಲ್ಲ ಪದಗಳನ್ನೂ ಸಪ್ಪೆಗೊಳಿಸುವುದು ಪರಿಹಾರವೆಂದು ನಾನು ನಂಬುವುದಿಲ್ಲ. 'ಗಲ್ಲಿಗೇರಿಸಲಾಯಿತು' ಎಂಬ ವಾಕ್ಯ ತಟಸ್ಥವಾಗಿ ಕೇಳಿಸಿದರೂ ಗಲ್ಲಿಗೇರಿಸಿದವರು ಯಾರೆಂಬುದನ್ನು ಅದು ನುಂಗಿಬಿಡುತ್ತದೆ; 'ಕಂಪನಿ ಗಲ್ಲಿಗೇರಿಸಿತು' ಎಂಬುದು ಹೆಚ್ಚು ಕಟುವಾದರೂ ಹೆಚ್ಚು ನಿಜ. ಅದೇ ರೀತಿ, ಎಲ್ಲಿಯಾದರೂ ಸಾಮಾನ್ಯರ ಮನೆಗಳು ಲೂಟಿಯಾದದ್ದಕ್ಕೆ ದಾಖಲೆ ಸಿಕ್ಕರೆ ಅಲ್ಲಿ 'ಲೂಟಿ' ಎಂದೇ ಬರೆಯಬೇಕು, 'ಸಮರ' ಎಂಬ ಮಾತಿನ ಅಡಿಯಲ್ಲಿ ಅದನ್ನು ಮುಚ್ಚಬಾರದು. ಒಂದು ವಾಕ್ಯದ ಮೇಲೆ ಅನುಮಾನ ಬಂದಾಗ ನಾನು ಮಾಡುವುದಿಷ್ಟು: ಅದೇ ಕ್ರಿಯಾಪದವನ್ನು ಎದುರು ಪಕ್ಷಕ್ಕೆ ಹಚ್ಚಿ ಓದುತ್ತೇನೆ. ರೈತರು ಖಜಾನೆ 'ದೋಚಿದರು' ಎಂದು ಬರೆಯುವ ಲೇಖಕರು, ಕಂಪನಿ ಕೊಡಗನ್ನು 'ದೋಚಿತು' ಎಂದು ಬರೆಯಲು ಒಪ್ಪುವರೇ? 'ವಿಲೀನಗೊಳಿಸಿತು' ಎಂದೇ ಬರೆಯುವುದಾದರೆ, ಆ ಪುಟದಲ್ಲಿ ರೈತರಿಗೊಂದು ನಿಘಂಟು, ಕಂಪನಿಗೊಂದು ನಿಘಂಟು ಬಳಕೆಯಾಗಿದೆ ಎಂದೇ ಅರ್ಥ.