ಅನ್ನದ ಮೇಲೆ ಬೀಳುವ ಗೋಡೆ

ಬಾಳೆಲೆ ಹಸಿರು. ಅದರ ಮೇಲೆ ಏನು ಬಡಿಸಿದರೂ ಬಾಯಲ್ಲಿ ನೀರೂರುತ್ತದೆ. ಆದ್ದರಿಂದ ಊಟದ ಮನೆಯ ಗೋಡೆಗೂ ಹಸಿರನ್ನೇ ಬಳಿಸೋಣ ಎಂಬುದು ನನ್ನ ಅಕ್ಕನ ವಾದ. ಭಾವನವರದು ಕೆಂಪಿನ ಪಕ್ಷ. ಹೋಟೆಲಿನವರು ಕೆಂಪು ಹಚ್ಚುವುದು ಸುಮ್ಮನೆಯೇ? ಕೆಂಪನ್ನು ಕಂಡರೆ ಹಸಿವು ಕೆರಳುತ್ತದೆ ಎನ್ನುತ್ತಾರೆ ಅವರು. ಸರಸ್ವತೀಪುರಂನ ಆ ಹಳೆಯ ಮನೆಯಲ್ಲಿ ಊಟದ ಕೋಣೆ ಹನ್ನೆರಡಡಿ ಉದ್ದ, ಹತ್ತಡಿ ಅಗಲ. ಪಶ್ಚಿಮಕ್ಕೆ ಒಂದೇ ಕಿಟಕಿ, ಕಾಲ ಕೆಳಗೆ ರೆಡ್ ಆಕ್ಸೈಡ್ ನೆಲ. ಪುಟ್ಟಿ ಬಳಿದು, ಪ್ರೈಮರ್ ಹೊಡೆದು ಮುಗಿದಿತ್ತು. ಪೇಂಟಿಂಗ್ ಮೇಸ್ತ್ರಿ ಶೇಡ್ ಕಾರ್ಡನ್ನು ಮೇಜಿನ ಮೇಲಿಟ್ಟು, ಗಂಡಹೆಂಡಿರ ವ್ಯಾಜ್ಯದಲ್ಲಿ ತಾನೇಕೆ ಸಿಕ್ಕಿಕೊಳ್ಳಲಿ ಎಂದು ಎಲೆ ಅಡಿಕೆ ಹಾಕಿಕೊಳ್ಳಲು ಹೊರಗೆ ಹೋಗಿದ್ದರು. ಬಣ್ಣದ ವಿಷಯದಲ್ಲಿ ನನಗೊಂದು ಹುಚ್ಚಿದೆ ಎಂಬುದು ಬಂಧುವರ್ಗಕ್ಕೆಲ್ಲ ಗೊತ್ತಿರುವುದರಿಂದ ತೀರ್ಪು ನನ್ನ ತಲೆಗೆ ಬಂತು.

ಅಕ್ಕ ಹೇಳಿದ್ದರಲ್ಲಿ ಅರ್ಧ ಅಪ್ಪಟ ಸತ್ಯ. ಹಸಿರನ್ನು ನೋಡುತ್ತಿರುವ ಕಣ್ಣು ಹಸಿರಿಗೆ ಒಗ್ಗಿಕೊಂಡು, ಪಕ್ಕದಲ್ಲಿರುವುದನ್ನೆಲ್ಲ ಅದರ ಎದುರು ಬಣ್ಣದ ಕಡೆಗೆ, ಅಂದರೆ ಕೆಂಪಿನ ಕಡೆಗೆ, ಒಂದಿಷ್ಟು ವಾಲಿಸಿ ಕಾಣುತ್ತದೆ. ಎಲೆಯ ಮೇಲೆ ಬೀಟ್‌ರೂಟ್ ಪಲ್ಯ ಇನ್ನಷ್ಟು ಕೆಂಪಾಗುವುದೂ, ಬರಿಯ ಅನ್ನಕ್ಕೂ ತುಸು ಬೆಚ್ಚನೆಯ ಕಳೆ ಬರುವುದೂ ಇದರಿಂದಲೇ. ಈ ಆಟವನ್ನು ಮೊದಲು ಪಟ್ಟಾಗಿ ಕುಳಿತು ಬಿಡಿಸಿದವನು ಶೆವ್ರಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. 1824ರಲ್ಲಿ ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆಶಾಲೆಯ ಬಣ್ಣದ ವಿಭಾಗಕ್ಕೆ ಅವನು ಮುಖ್ಯಸ್ಥನಾಗಿ ಬಂದ. ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಎಂದು ದೂರು ಬಂದಿತ್ತು. ಅವನು ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ಯಾವ ಕೊರತೆಯೂ ಇಲ್ಲ. ಆ ಕಪ್ಪಿನ ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆಗಳು ಅದರ ಕಳೆಯನ್ನು ಕುಂದಿಸುತ್ತಿದ್ದವು. ನಮ್ಮ ಸೀರೆ ಅಂಗಡಿಯವರು ಇದನ್ನು ಯಾವ ರಸಾಯನಶಾಸ್ತ್ರವನ್ನೂ ಓದದೆ ಬಲ್ಲರು. ಅಂಚು ಬದಲಾದರೆ ಮೈಯ ಬಣ್ಣವೇ ಬದಲಾದಂತೆ ಕಾಣುತ್ತದೆ ಎಂದು ತಿಳಿದೇ ಅವರು ಒಂದರ ಪಕ್ಕ ಒಂದನ್ನು ಹರಡುತ್ತಾರೆ.

ಇನ್ನರ್ಧ ತಪ್ಪಿದ್ದು ಎಲ್ಲಿ ಎಂದರೆ, ಎಲೆ ಅನ್ನದ ಕೆಳಗಿರುತ್ತದೆ, ಗೋಡೆ ಅನ್ನದ ಪಕ್ಕದಲ್ಲಿರುತ್ತದೆ. ಅನ್ನದಿಂದ ಮುಚ್ಚಿಹೋದ ಎಲೆ ಅನ್ನದ ಮೇಲ್ಮೈಗೆ ಬೆಳಕು ಚೆಲ್ಲಲಾರದು, ಸುತ್ತಲೂ ಹಿನ್ನೆಲೆಯಾಗಿ ಕಾಣುತ್ತದೆ, ಅಷ್ಟೆ. ಗೋಡೆ ಹಾಗಲ್ಲ. ಕಿಟಕಿಯ ಬೆಳಕು ಗೋಡೆಗೆ ಬಡಿದು, ಗೋಡೆಯ ಬಣ್ಣವನ್ನು ಹೊತ್ತುಕೊಂಡು ಬಂದು ತಟ್ಟೆಯ ಮೇಲೂ ಕೆನ್ನೆಯ ಮೇಲೂ ಬೀಳುತ್ತದೆ. ಬಣ್ಣ ಬಳಿದ ಗೋಡೆ ಎಂದರೆ ಮಂಕಾದ ಒಂದು ದೊಡ್ಡ ದೀಪವೇ. ಹಸಿರು ಗೋಡೆಯ ಬೆಳಕಿನಲ್ಲಿ ಅನ್ನ ಹಳಸಿದಂತೆಯೂ ಉಣ್ಣುವವರು ನಾಲ್ಕು ದಿನ ಜ್ವರದಲ್ಲಿ ಮಲಗೆದ್ದವರಂತೆಯೂ ಕಾಣುತ್ತಾರೆ. ಒಂದೇ ಹಸಿರು ಕೆಳಗಿದ್ದರೆ ಊಟವನ್ನು ಬೆಳಗುತ್ತದೆ, ಪಕ್ಕದಲ್ಲಿದ್ದರೆ ಕೆಡಿಸುತ್ತದೆ.

ಬಾಯಿಮಾತಿನಿಂದ ಅಕ್ಕ ಒಪ್ಪುವವಳಲ್ಲ. ಹಾಗಾಗಿ ಅವಳು ಮೆಚ್ಚಿದ ಹಸಿರನ್ನು ಸ್ವಲ್ಪವೇ ತರಿಸಿ, ದಪ್ಪನೆಯ ಎರಡು ಬಿಳಿ ಡ್ರಾಯಿಂಗ್ ಹಾಳೆಗಳಿಗೆ ಎರಡೆರಡು ಕೋಟ್ ಹೊಡೆಸಿ, ಒಣಗಿದ ಮೇಲೆ ಬಿಳಿಯ ಅಂಚನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದೆವು. ಅಂಚು ಉಳಿದರೆ ಕಣ್ಣು ಆ ಬಿಳಿಯೊಂದಿಗೆ ಹೋಲಿಸುತ್ತಾ ಕುಳಿತುಬಿಡುತ್ತದೆ. ಹಾಳೆಗಳನ್ನು ಮೂಲೆಗೆ, ಒಂದು ಈ ಗೋಡೆಗೆ ಇನ್ನೊಂದು ಆ ಗೋಡೆಗೆ, ಸೇರಿದಂತೆ ಅಂಟಿಸಿ, ಅವುಗಳ ಮುಂದೆ ಒಂದು ಗೇಣಿನ ದೂರದಲ್ಲಿ ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಮೊಸರನ್ನ ಇಟ್ಟೆವು. ಒಗ್ಗರಣೆ ಇಲ್ಲದ ಮೊಸರನ್ನಕ್ಕಿಂತ ಪ್ರಾಮಾಣಿಕ ಸಾಕ್ಷಿ ಬಣ್ಣದ ವ್ಯಾಜ್ಯದಲ್ಲಿ ಸಿಗುವುದಿಲ್ಲ. ತನ್ನದೇ ಬಣ್ಣವೆಂಬುದು ಇಲ್ಲವಾದ್ದರಿಂದ ಅದು ಯಾರ ಬಣ್ಣ ಬಿದ್ದರೂ ಕೂಡಲೇ ಒಪ್ಪಿಕೊಂಡುಬಿಡುತ್ತದೆ. ಅಕ್ಕ ತಟ್ಟೆಯನ್ನು ನೋಡಿ, ಇನ್ನೊಮ್ಮೆ ನೋಡಿ, "ಇದನ್ನು ನಾನು ಹಸುವಿಗೂ ಇಡುವುದಿಲ್ಲ" ಎಂದಳು.

ಹಾಳೆಯನ್ನು ಮೂಲೆಗೇ ಇಡಬೇಕಾದದ್ದಕ್ಕೆ ಕಾರಣವಿದೆ. ಶೇಡ್ ಕಾರ್ಡಿನ ಹೆಬ್ಬೆರಳಗಲದ ಚೌಕದಲ್ಲಿ ಸೌಮ್ಯವಾಗಿದ್ದ ಬಣ್ಣ ಗೋಡೆಗೆ ಏರಿದ ಮೇಲೆ ಅಬ್ಬರಿಸುತ್ತದೆ ಎಂದು ಎಲ್ಲರೂ ಗೊಣಗುತ್ತಾರೆ, ಮೇಸ್ತ್ರಿ ಮಿಶ್ರಣ ತಪ್ಪಿಸಿದ ಎಂದು ಅವನ ಮೇಲೆ ಹಾಕುತ್ತಾರೆ. ಪಾಪ, ಅವನದೇನೂ ಇಲ್ಲ. ಒಂದು ಕೆನೆಬಣ್ಣ ತನ್ನ ಮೇಲೆ ಬಿದ್ದ ಕೆಂಪು ಬೆಳಕಿನ ನೂರು ಪಾಲಿನಲ್ಲಿ 80ನ್ನೂ ನೀಲಿಯ ನೂರು ಪಾಲಿನಲ್ಲಿ 60ನ್ನೂ ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳಿ. ಆ ಬೆಳಕು ಎದುರಿನ ಗೋಡೆಗೂ ಬಡಿದು ಬರುವಾಗ ಉಳಿಯುವುದು 64 ಮತ್ತು 36. ಎರಡೇ ನೆಗೆತಕ್ಕೆ ನೀಲಿ ಕೆಂಪಿನ ಸುಮಾರು ಅರ್ಧಕ್ಕೆ ಇಳಿಯಿತು, ಕೆನೆ ಹಳದಿಯ ಹತ್ತಿರ ಹೋಯಿತು. ನಾಲ್ಕು ಗೋಡೆಗೂ ಒಂದೇ ಬಣ್ಣವಿದ್ದರೆ ಈ ಚೆಂಡಾಟ ನಿಲ್ಲುವುದೇ ಇಲ್ಲ. ಆದ್ದರಿಂದ ಕಾರ್ಡಿನಲ್ಲಿ ಇಷ್ಟವಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ತೆಳುವಾದದ್ದನ್ನು ಆರಿಸಿದರೆ, ಇಷ್ಟವಾದದ್ದೇ ಗೋಡೆಯ ಮೇಲೆ ಬರುತ್ತದೆ.

ಇನ್ನು ಭಾವನವರ ಕೆಂಪು. ಕೆಂಪು ಹಸಿವನ್ನು ಕೆರಳಿಸುತ್ತದೆ ಎಂಬ ಮಾತಿಗೆ ಇರುವಷ್ಟು ಪ್ರಚಾರ ಪುರಾವೆಗೆ ಇಲ್ಲ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಂಪು ತಟ್ಟೆಯಲ್ಲಿ ತಿಂಡಿ ಇಟ್ಟಾಗ ಜನ ಕಡಿಮೆ ತಿಂದರು, ಕೆಂಪು ಗುರುತಿದ್ದ ಲೋಟದಲ್ಲಿ ಕಡಿಮೆ ಕುಡಿದರು. ಹೋಟೆಲಿನ ಲೆಕ್ಕವೇ ಬೇರೆ ಎಂದೂ ನಾನು ಹೇಳಿದೆ. ಅಲ್ಲಿ ಬಾಗಿಲಲ್ಲಿ ಕಾಯುತ್ತಿರುವವರಿಗೆ ಮೇಜು ಖಾಲಿಯಾಗಬೇಕು. ಮನೆಯಲ್ಲಿ ಉಂಡ ಕೈ ಒಣಗುವವರೆಗೂ ಕುಳಿತು ಮಾತಾಡಬೇಕು.

ಮಾತಿನ ದೃಷ್ಟಿಯಿಂದ ಕೆಂಪಿನ ತೊಂದರೆ ಇನ್ನೂ ದೊಡ್ಡದು. ಮಾತಾಡುವಾಗ ನಾವು ನೋಡುವುದು ಗೋಡೆಯನ್ನಲ್ಲ, ಎದುರಿನವರ ಮುಖವನ್ನು. ಆದರೆ ಆ ಮುಖದ ಸುತ್ತ ಗೋಡೆಯಿರುತ್ತದೆ. ಗಾಢ ಕೆಂಪನ್ನು ನೋಡಿ ನೋಡಿ ದಣಿದ ಕಣ್ಣು ಅದರ ಎದುರು ಬಣ್ಣವಾದ ಹಸಿರಿನ ಛಾಯೆಯನ್ನು ಮುಖಕ್ಕೆ ಲೇಪಿಸುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಯ ಬಟ್ಟೆಗಳಿಗೆ ಬಿಳಿಯ ಬದಲು ಹಸಿರು ಬಂದದ್ದಕ್ಕೂ ಇದರೊಂದಿಗೆ ನಂಟಿದೆ. ರಕ್ತವನ್ನೇ ನೋಡುತ್ತಿದ್ದ ವೈದ್ಯರು ತಲೆಯೆತ್ತಿದರೆ ಬಿಳಿಯ ಮೇಲೆ ಹಸಿರು ಕಲೆಗಳು ತೇಲುತ್ತಿದ್ದವು, ಹಸಿರು ಬಟ್ಟೆಯ ಮೇಲೆ ಅವು ಕಾಣಿಸುವುದಿಲ್ಲ. ಜೊತೆಗೆ ಗಾಢ ಕೆಂಪು ಬೆಳಕನ್ನು ನುಂಗುವುದೇ ಹೆಚ್ಚು. ಕತ್ತಲ ಗೋಡೆಯ ಮುಂದೆ ಬಿಳಿಯ ತಟ್ಟೆ ಕಣ್ಣಿಗೆ ಚುಚ್ಚುತ್ತದೆ. ಅನ್ನದಿಂದ ಮುಖಕ್ಕೆ, ಮುಖದಿಂದ ಗೋಡೆಗೆ ಹೋಗಿ ಬರುವ ಕಣ್ಣು ಪ್ರತಿಸಲವೂ ಹೊಸ ಬೆಳಕಿಗೆ ಹೊಂದಿಕೊಳ್ಳಬೇಕು. ಊಟದ ಕೋಣೆಯಲ್ಲಿ ಕಣ್ಣಿಗಾಗುವ ದಣಿವಿನಲ್ಲಿ ಹೆಚ್ಚಿನದು ಬಣ್ಣದ್ದಲ್ಲ, ಈ ಏರಿಳಿತದ್ದು.

ಹಾಗಾದರೆ ಶುದ್ಧ ಬಿಳಿ? ಪಶ್ಚಿಮದ ಕಿಟಕಿಯಿರುವ ಮನೆಯಲ್ಲಿ ಸಂಜೆ ನಾಲ್ಕರ ಮೇಲೆ ಅದು ಕಣ್ಣು ಕೋರೈಸುತ್ತದೆ, ಗೋಡೆಯ ಮುಂದೆ ಕುಳಿತವರ ಮುಖ ಕಪ್ಪಿಟ್ಟಂತಾಗುತ್ತದೆ. ಬಿಳಿಗೂ ಕೆಂಪಿಗೂ ನಡುವೆ, ಮುಖಕ್ಕಿಂತ ತುಸು ಬೆಳ್ಳಗೆ, ಅನ್ನಕ್ಕಿಂತ ತುಸು ಕಪ್ಪಗೆ ಇರುವ ಬಣ್ಣವೇ ಬೇಕು. ಬಣ್ಣದ ಕಂಪನಿಗಳಲ್ಲಿ ಕೆಲವು ಪ್ರತಿ ಶೇಡಿನ ಜೊತೆಗೂ ಅದು ನೂರಕ್ಕೆ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಅಂಕಿಯನ್ನು ಕೊಡುತ್ತವೆ. 60ರಿಂದ 70ರ ನಡುವಿನದು ಊಟದ ಮನೆಗೆ ಒಪ್ಪುತ್ತದೆ ಎಂಬುದು ನನ್ನ ಅಂದಾಜು. ಬಹಳ ಹೊತ್ತಿನ ಚರ್ಚೆಯ ನಂತರ ನಾವು ನಿಂತದ್ದು ಹುರಿಗಡಲೆ ಪುಡಿಗೆ ಹಾಲು ಬೆರೆಸಿದಂಥ ಒಂದು ಬಣ್ಣದ ಬಳಿ. ಕೆಂಪು ನೆಲವೂ ಕೆಳಗಿನಿಂದ ಬೆಚ್ಚನೆಯ ಬೆಳಕನ್ನು ಮೇಲಕ್ಕೆ ಎಸೆಯುತ್ತಿರುತ್ತದೆ, ಆದ್ದರಿಂದ ಗೋಡೆಯಲ್ಲಿ ಹಳದಿ ಕಡಿಮೆಯೇ ಇರಲಿ ಎಂದೆ. ಚಾವಣಿಗೆ ಬಿಳಿ. ಹೊಳಪಿಲ್ಲದ ಮ್ಯಾಟ್ ಎಮಲ್ಷನ್. ಹೊಳಪಿನ ಗೋಡೆಯಲ್ಲಿ ಬಲ್ಬು ಮೂಡಿ ಮಾತಾಡುವವರ ಕಿವಿಯ ಪಕ್ಕದಲ್ಲೇ ಮಿನುಗುತ್ತದೆ. ಸಾಂಬಾರು ಸಿಡಿದರೆ ಒರೆಸುವುದು ಹೇಗೆ ಎಂದು ಅಕ್ಕ ಕೇಳಿದಳು. ಒದ್ದೆ ಬಟ್ಟೆ ತಾಳುವ ಮ್ಯಾಟ್ ಬಣ್ಣಗಳೂ ಬಂದಿವೆ, ಬೆಲೆ ಹೆಚ್ಚು. ಬಾಗಿಲು, ಕಿಟಕಿ ಕಳೆದರೆ ಆ ಕೋಣೆಯಲ್ಲಿ ಸುಮಾರು 350 ಚದರಡಿ ಗೋಡೆ, ಎರಡು ಕೋಟ್ ಹೊಡೆಯಲು ನಾಲ್ಕು ಲೀಟರಿನ ಒಂದು ಡಬ್ಬಿ ಸಾಕಾಯಿತು.

ಹಗಲು ಗೆದ್ದ ಬಣ್ಣ ರಾತ್ರಿ ಸೋಲುವುದುಂಟು, ಅದಕ್ಕೆ ಬಲ್ಬು ಕಾರಣ. 6500 ಕೆಲ್ವಿನ್ನಿನ ಬಿಳಿ ಟ್ಯೂಬಿನ ಕೆಳಗೆ ನಮ್ಮ ಹುರಿಗಡಲೆ ಬಣ್ಣ ಬೂದಿಯಂತಾಯಿತು. 2700ರಿಂದ 3000ದ ಬೆಚ್ಚನೆಯದನ್ನು ಹಾಕಿದ ಮೇಲೆ ಗೋಡೆಗೆ ಜೀವ ಬಂತು, ಆದರೆ ತಿಳಿಸಾರು ಮಾತ್ರ ಕೆಸರುಬಣ್ಣದ್ದೇ. ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ 80 ಎಂದಿತ್ತು. ವಸ್ತುಗಳ ನಿಜಬಣ್ಣವನ್ನು ತೋರಿಸುವ ಯೋಗ್ಯತೆಯ ಈ ಅಂಕಿಯನ್ನು ಎಂಟು ತೆಳುಬಣ್ಣಗಳ ಸರಾಸರಿಯಿಂದ ಕಟ್ಟುತ್ತಾರೆ. ಆ ಎಂಟರಲ್ಲಿ ಗಾಢ ಕೆಂಪು ಇಲ್ಲ. ಆರ್9 ಎಂದು ಅದಕ್ಕೆ ಪ್ರತ್ಯೇಕ ಅಂಕವಿದೆ, ಪೆಟ್ಟಿಗೆಯ ಮೇಲೆ ಅದನ್ನು ಬರೆಯುವವರು ವಿರಳ. ನಮ್ಮ ಊಟದಲ್ಲಿ ಬ್ಯಾಡಗಿ ಮೆಣಸು, ಟೊಮೆಟೊ, ಬೀಟ್‌ರೂಟ್ ಎಲ್ಲವೂ ಆ ಬಿಟ್ಟುಹೋದ ಕೆಂಪಿನವೇ ಆದ್ದರಿಂದ ಸಿಆರ್‌ಐ 90ಕ್ಕೆ ಮೇಲ್ಪಟ್ಟ ಬಲ್ಬನ್ನು ಹುಡುಕಿ ತಂದೆ. ಅಂಗಡಿಯಲ್ಲಿ ಪರೀಕ್ಷೆ ಸುಲಭ. ಒಂದು ಕೆಂಪು ಟೊಮೆಟೊವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಬಲ್ಬಿನ ಕೆಳಗೆ ಹಿಡಿದು ನೋಡುವುದು. ಅಂಗಡಿಯವನು ಏನೆಂದುಕೊಳ್ಳುತ್ತಾನೆ ಎಂಬ ಚಿಂತೆ ಇರಬಾರದು.

ಭಾವನವರಿಗೆ ಅನ್ಯಾಯವಾಗಲಿಲ್ಲ. ಅಡುಗೆಮನೆಯ ಕಡೆಯ ಚಿಕ್ಕ ಗೋಡೆಗೆ, ಯಾರ ಮುಖವೂ ಅದರ ಮುಂದೆ ಬಾರದು ಎಂಬ ಷರತ್ತಿನ ಮೇಲೆ, ಮಂಕಾದ ಇಟ್ಟಿಗೆಗೆಂಪು ಹಚ್ಚಿಸಿದೆವು. ಮೇಜಿನ ಉದ್ದದ ಎರಡೂ ಬದಿಗೆ ಕುಳಿತವರಿಗೆ ಅದು ಓರೆಗಣ್ಣಿಗಷ್ಟೇ ಸಿಗುತ್ತದೆ. ಆದರೆ ಯಜಮಾನರ ಕುರ್ಚಿ ಮೇಜಿನ ತಲೆಯ ಬಳಿ, ಸರಿಯಾಗಿ ಆ ಗೋಡೆಗೆ ಬೆನ್ನು ಮಾಡಿಕೊಂಡೇ ಇರಬೇಕು ಎಂದು ಅವರು ಹಟ ಹಿಡಿದರು. ಊಟಕ್ಕೆ ಬಂದವರೆಲ್ಲ "ಯಾಕೆ, ಮೈ ಹುಷಾರಿಲ್ಲವೇ" ಎಂದು ವಿಚಾರಿಸತೊಡಗಿದರು, ಅಕ್ಕ ಸಕ್ಕರೆ ಕಾಯಿಲೆಯ ಪರೀಕ್ಷೆಗೂ ಕಳಿಸಿದಳು, ಅದರಲ್ಲಿ ಎಲ್ಲವೂ ಸರಿಯಾಗಿತ್ತು. ಈಗ ಅವರು ಕಿಟಕಿಯ ಎದುರಿನ ಕುರ್ಚಿಗೆ ಬಂದಿದ್ದಾರೆ. ಮುಖಕ್ಕೆ ಕಳೆ ಬಂದಿದೆ, ಉಪ್ಪಿನಕಾಯಿ ಜಾಡಿಯೂ ಕೈಗೆಟುಕುತ್ತದೆ.