ಗುನ್ನ ಇಲ್ಲದ ಬುಗುರಿ

ಮೊಮ್ಮಗಳ ಶಾಲೆಯಿಂದ ಮೊಬೈಲಿಗೆ ಸಂದೇಶ ಬಂತು. ಇನ್ನು ಮುಂದೆ ಪ್ರತಿ ಶನಿವಾರ ಕೊನೆಯ ಪೀರಿಯಡ್ ದೇಸಿ ಆಟಗಳಿಗೆ. ಮೊದಲ ಪಾಳಿ ಬುಗುರಿಯದು. ಮಕ್ಕಳು ಬಿಳಿ ಯೂನಿಫಾರ್ಮ್, ಬಿಳಿ ಶೂ ಹಾಕಿಕೊಂಡು, ಬುಗುರಿ ತರಬೇಕು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು: ಮೊಳೆ ಮೊಂಡಾಗಿರಲಿ.

ಬಿಳಿ ಬಟ್ಟೆಯನ್ನು ಹೇಗೋ ನುಂಗಿಕೊಂಡೆ. ಈ ಮೊಂಡು ಮೊಳೆ ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು.

ಅವಳಿಗೊಂದು ಬುಗುರಿ ಬೇಕಲ್ಲ, ಚೌಕಿಪೇಟೆ, ಮಂಡಿಪೇಟೆ ಎರಡೂ ಸುತ್ತಿದೆ. ಲೈಟು ಬಿಟ್ಟು ಹಾಡು ಹೇಳುವ ಪ್ಲಾಸ್ಟಿಕ್ ಬುಗುರಿ ಬೇಕಾದಷ್ಟು ಇತ್ತು. ಚನ್ನಪಟ್ಟಣದ ಬಣ್ಣದ ಬುಗುರಿಯೂ ಇತ್ತು. ನೋಡೋಕೆ ಚೆಂದ, ಆದರೆ ಅದು ಎರಡು ಬೆರಳಲ್ಲಿ ತಿರುವಿ ಮೇಜಿನ ಮೇಲೆ ಬಿಡುವಂಥದ್ದು. ನೆಲಕ್ಕೆ ಬೀಸಿ ಹೊಡೆಯುವ ಮರದ ಬುಗುರಿ ಕೊನೆಗೆ ಹಗ್ಗದ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು ಅದಕ್ಕೊಂದು ನೈಲಾನ್ ದಾರವನ್ನೂ ಕತ್ತರಿಸಿ ಕೊಡೋಕೆ ಹೊರಟರು. ಬೇಡ ಅಂದೆ. ನೈಲಾನ್ ಜಾರುತ್ತೆ. ಚಾಟಿ ಅಂದರೆ ಹತ್ತಿಯ ಹುರಿಯೇ ಆಗಬೇಕು, ತುದಿಯನ್ನು ಸ್ವಲ್ಪ ಒದ್ದೆ ಮಾಡಿದರೆ ಮರಕ್ಕೆ ಅಂಟಿಕೊಂಡ ಹಾಗೆ ಕೂತುಕೊಳ್ಳುತ್ತೆ. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ದಾವಣಗೆರೆಯಲ್ಲಿ ಹತ್ತಿಯ ಹುರಿಗೆ ಮೂರು ಅಂಗಡಿ ಅಲೆಯಬೇಕಾಯಿತು. ಇರಲಿ.

ಮೊಳೆಯ ವಿಷಯಕ್ಕೆ ಬರುತ್ತೇನೆ.

ಹೊಂಡದ ಸರ್ಕಲ್ಲಿನ ಹತ್ತಿರ ನಮ್ಮ ಓಣಿಯಲ್ಲಿ ಬುಗುರಿ ಆಡುತ್ತಿದ್ದದ್ದು ಹೀಗೆ. ಮಣ್ಣಿನಲ್ಲಿ ಒಂದು ವೃತ್ತ ಕೊರೆಯುತ್ತಿದ್ದೆವು. ಎಲ್ಲರೂ ಒಟ್ಟಿಗೆ ಬುಗುರಿ ಬೀಸಬೇಕು. ಅದು ತಿರುಗುತ್ತಿರುವಾಗಲೇ ಚಾಟಿಯಿಂದ ಎತ್ತಿ ಕೈಯಲ್ಲಿ ಹಿಡಿಯಬೇಕು. ಎಲ್ಲರಿಗಿಂತ ಕೊನೆಗೆ ಹಿಡಿದವನ ಬುಗುರಿ ವೃತ್ತದೊಳಗೆ ಮಲಗಬೇಕು. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಅದರ ಮೇಲೆ ಬೀಸುತ್ತಾರೆ. ಮೊಳೆ ಸರಿಯಾಗಿ ತಾಗಿದರೆ ಮಲಗಿದ ಬುಗುರಿಯ ಮೈಮೇಲೆ ಒಂದು ಗುನ್ನ. ಅದಕ್ಕಾಗಿಯೇ ಮೊಳೆಯನ್ನು ಕಲ್ಲಿಗೆ ಮಸೆದು ಮಸೆದು ಚೂಪು ಮಾಡುತ್ತಿದ್ದೆವು. ಗುನ್ನ ಬೀಳಬಾರದು ಅನ್ನೋ ಹೆದರಿಕೆಗೇ ನಾವು ಬೇಗ ಎತ್ತಿ ಹಿಡಿಯೋದನ್ನು ಕಲಿತದ್ದು. ಆ ಹೆದರಿಕೆ ಇಲ್ಲದಿದ್ದರೆ ಯಾರು ಕಲಿಯುತ್ತಾರೆ?

ನಮ್ಮ ಓಣಿಯಲ್ಲಿ ಬಡಗಿಗಳ ಮನೆಯ ಹುಡುಗನೊಬ್ಬ ಇದ್ದ. ಅವನ ಅಪ್ಪ ಅವನಿಗೆ ಜಾಲಿ ಮರದಲ್ಲಿ ಬುಗುರಿ ಮಾಡಿಕೊಟ್ಟಿದ್ದರು. ನಮ್ಮದೆಲ್ಲ ಜಾತ್ರೆಯಲ್ಲಿ ಕೊಂಡ ಹಗುರ ಮರದವು, ಮೊಳೆ ಬಿದ್ದರೆ ಬೆಲ್ಲಕ್ಕೆ ಚಾಕು ಇಳಿದ ಹಾಗೆ ಇಳಿಯುತ್ತಿತ್ತು. ಜಾಲಿಯದು ಕರ್ರಗೆ, ತೂಕ, ಕಲ್ಲಿನಂಥ ಗಟ್ಟಿ. ಅವನಿಗೆ ಎತ್ತಿ ಹಿಡಿಯುವುದು ಸರಿಯಾಗಿ ಬರುತ್ತಲೇ ಇರಲಿಲ್ಲ. ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲೂ ಇಲ್ಲ. ಪ್ರತಿ ಸಲ ಸೋತು, ನಗುನಗುತ್ತಾ ಬುಗುರಿಯನ್ನು ವೃತ್ತದಲ್ಲಿ ಇಟ್ಟು, ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ನಾವು ಹಲ್ಲು ಕಚ್ಚಿ ಬೀಸುತ್ತಿದ್ದೆವು. ಜಾಲಿಗೆ ಏನೂ ಆಗುತ್ತಿರಲಿಲ್ಲ. ನಮ್ಮ ಮೊಳೆಗಳೇ ಸೊಟ್ಟಗಾಗುತ್ತಿದ್ದವು. ಒಂದು ಸಂಜೆಯಂತೂ ಓಣಿಯಲ್ಲಿ ಸರಿಯಾಗಿ ತಿರುಗುವ ಬುಗುರಿ ಅವನದೊಂದೇ ಉಳಿಯಿತು. ಸೋತವನು ಎದ್ದು, ಮಂಡಕ್ಕಿ ಕೊಡವಿಕೊಂಡು, ಬುಗುರಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮೊಳೆ ಸೊಟ್ಟಗಾದದ್ದು ಕಣ್ಣಿಗೆ ಕಾಣೋದಿಲ್ಲ. ಬುಗುರಿಯನ್ನು ಅಂಗೈ ಮೇಲೆ ತಗೊಂಡರೆ ತಿಳಿಯುತ್ತೆ. ಮೊಳೆ ನೆಟ್ಟಗಿದ್ದರೆ ಒಂದೇ ಜಾಗದಲ್ಲಿ ಕಚಗುಳಿ ಇಟ್ಟ ಹಾಗಿರುತ್ತೆ. ಸೊಟ್ಟಗಿದ್ದರೆ ಬುಗುರಿ ಕರಕರ ಸದ್ದು ಮಾಡುತ್ತಾ ಅಂಗೈ ತುಂಬಾ ಕುಣಿಯುತ್ತೆ, ಚುಚ್ಚುತ್ತೆ. ಆಗ ಕಲ್ಲಿನಿಂದ ಮೊಳೆಯ ಮಗ್ಗುಲಿಗೆ ಮೆಲ್ಲಗೆ ಒಂದೇಟು, ಮತ್ತೆ ಅಂಗೈ ಮೇಲೆ, ಮತ್ತೊಂದೇಟು. ಜೋರಾಗಿ ಬಡಿದರೆ ಮೊಳೆ ಸಡಿಲಾಗಿ ಮರವೇ ಸೀಳುತ್ತೆ. ತಾಳ್ಮೆ ಬೇಕಾದದ್ದು ಅಲ್ಲಿ.

ಶನಿವಾರ ನೋಡೋಣ ಅಂತ ಶಾಲೆಗೆ ಹೋದೆ. ಅಂಗಳ ತುಂಬಾ ಸಿಮೆಂಟ್ ಇಟ್ಟಿಗೆ ಜೋಡಿಸಿದ್ದಾರೆ. ಸಂದೇಶದಲ್ಲಿದ್ದ ಮೊಂಡು ಮೊಳೆ ಅಲ್ಲಿಗೆ ಸರಿಯೇ ಅನ್ನಿ. ಚೂಪು ಮೊಳೆ ಇಟ್ಟಿಗೆಗಳ ಸಂದಿಗೆ ಸಿಕ್ಕಿಕೊಂಡರೆ ಬುಗುರಿ ಅಲ್ಲೇ ಮಗುಚುತ್ತೆ, ಮೇಲೆ ಬಿದ್ದರೆ ಜಾರಿ ಎಲ್ಲೋ ಹೋಗುತ್ತೆ. ಆದರೆ ಮಣ್ಣು ಇಲ್ಲದ ಕಡೆ ಈ ಆಟ ಯಾಕೆ ಅಂತ ಕೇಳಿದೆ. ಪಿ.ಟಿ. ಮೇಷ್ಟ್ರು ಜಗಳೂರಿನ ಕಡೆಯವರು, ಒಳ್ಳೆಯವರು. "ಯಜಮಾನ್ರೇ, ಮಳೆ ಬಂದ್ರೆ ಎರೆ ಮಣ್ಣು ಶೂಗೆ ಮೆತ್ತಿಕೊಂಡು ಕ್ಲಾಸ್‌ರೂಮ್ ತನಕ ಬರ್ತದೆ. ಪೋಷಕರೇ ಗಲಾಟೆ ಮಾಡಿ ಇಟ್ಟಿಗೆ ಹಾಕಿಸಿದ್ದು" ಅಂದರು. ಗುನ್ನದ ಮಾತು ಎತ್ತಿದೆ. "ಮೊಳೆ ಒಂದು ಕಣ್ಣಿಗೆ ತಾಗಿದ್ರೆ ಉತ್ತರ ಕೊಡೋರು ಯಾರು, ನೀವಾ?" ಅಂದರು. ಅದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಸುಮ್ನೆ ಇದ್ದೆ.

ಆದರೆ ಸಾಲು ನೋಡಿ ಸುಮ್ಮನಿರೋಕೆ ಆಗಲಿಲ್ಲ. ಪೀರಿಯಡ್ಡು 40 ನಿಮಿಷ. ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸೋದರಲ್ಲೇ ಹತ್ತು ನಿಮಿಷ ಹೋಯಿತು. ಸೀಟಿ ಊದಿದಾಗ ಒಬ್ಬರು ಮುಂದೆ ಬಂದು ಬೀಸಬೇಕು, ಸ್ಟಾಪ್‌ವಾಚ್ ನೋಡಿ ಎಷ್ಟು ಸೆಕೆಂಡ್ ತಿರುಗಿತು ಅಂತ ಬರೆದುಕೊಳ್ಳುತ್ತಾರೆ, ಆಮೇಲೆ ಸಾಲಿನ ಹಿಂದಕ್ಕೆ. 40 ಮಕ್ಕಳಿಗೆ ಉಳಿದದ್ದು 30 ನಿಮಿಷ. ತಲೆಗೊಂದು ಸಲ, ಅಷ್ಟೇ. ಬುಗುರಿ ಒಂದೇ ಸಲಕ್ಕೆ ತಿರುಗಿದ್ದನ್ನು ನೋಡಿದವರು ಯಾರಿದ್ದಾರೆ? ಹೆಚ್ಚಿನವರದು ತಲೆಕೆಳಗಾಗಿ ಬಿತ್ತು. ಬೀಸಿದ ಕೈಯನ್ನು ಹಿಂದಕ್ಕೆ ಸೆಳೆಯೋದು ತಡವಾದರೆ ಹಾಗೇ ಬೀಳೋದು. ಅದು ಬೀಸಿ ಬೀಸಿಯೇ ಕೈಗೆ ಬರಬೇಕು, ಹೇಳಿಕೊಟ್ಟರೆ ಬರೋದಿಲ್ಲ. ಐದೈದು ಮಕ್ಕಳನ್ನು ಒಂದೊಂದು ಮೂಲೆಗೆ ಬಿಟ್ಟು ಮೇಷ್ಟ್ರು ಹೋಗಿ ಟೀ ಕುಡಿದು ಬಂದಿದ್ದರೆ ಅರ್ಧ ಕ್ಲಾಸು ಕಲಿಯುತ್ತಿತ್ತು ಅನ್ನೋದು ನನ್ನ ಅಭಿಪ್ರಾಯ. ಯಾರೂ ಕೇಳಲಿಲ್ಲ.

ಒಂದು ಮಾತ್ರ ಒಪ್ಪಿಕೊಳ್ಳಬೇಕು. ನಮ್ಮ ಕಾಲಕ್ಕೆ ಹುಡುಗಿಯರಿಗೆ ಕುಂಟೆಬಿಲ್ಲೆ, ನಮಗೆ ಬುಗುರಿ. ಅವರು ಚಾಟಿ ಮುಟ್ಟಿದರೆ ಕಸಿದುಕೊಳ್ಳುತ್ತಿದ್ದೆವು. ಇಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಇದ್ದರು.

ನನ್ನ ಮೊಮ್ಮಗಳು ಎಡಚಿ. ಗೋಡೆಗೆ ಅಂಟಿಸಿದ್ದ ಚಾರ್ಟಿನಲ್ಲಿ ಚಾಟಿ ಯಾವ ಕಡೆಗೆ ಸುತ್ತಬೇಕು ಅಂತ ಬಾಣದ ಗುರುತು ಇತ್ತು. ಅದು ಬಲಗೈಯವರ ಲೆಕ್ಕ. ಅವಳು ಮೊಳೆಯಿಂದ ಶುರುಮಾಡಿ, ಸುತ್ತಿನ ಮೇಲೆ ಸುತ್ತು ಹತ್ತದ ಹಾಗೆ ಹೊಟ್ಟೆಯವರೆಗೂ ಒತ್ತಾಗಿ ಸುತ್ತಿದಳು. ಆದರೆ ಬಾಣಕ್ಕೆ ಉಲ್ಟಾ. ಹಿಂದಿನಿಂದ ನಾಲ್ಕೈದು ಜನ "ರಾಂಗ್, ರಾಂಗ್" ಅಂತ ಕೂಗಿದರು. ಬೀಸಿದಳು. ನೆಟ್ಟಗೆ ಬಿತ್ತು, ಉಲ್ಟಾ ದಿಕ್ಕಿಗೆ ಚೆನ್ನಾಗಿಯೇ ತಿರುಗಿತು.

ತಿಂಗಳ ಕೊನೆಗೆ ಪ್ರಗತಿ ಪತ್ರ ಬಂತು. ದೇಸಿ ಆಟಕ್ಕೂ ಗ್ರೇಡ್ ಇದೆ ಅಂತ ಆಗಲೇ ಗೊತ್ತಾಗಿದ್ದು. ಅವಳಿಗೆ ಬುಗುರಿಯಲ್ಲಿ ಬಿ. ಪಕ್ಕದಲ್ಲಿ ಷರಾ: ಸೂಚನೆಗಳನ್ನು ಪಾಲಿಸಬೇಕು. ಸೋಮವಾರ ಹೋಗಿ ಕೇಳಿಕೊಂಡು ಬರ್ತೀನಿ ಅಂತ ಚಪ್ಪಲಿ ಹುಡುಕುತ್ತಿದ್ದೆ. "ಬೇಡ ಮಾವ, ಮುಂದಿನ ತಿಂಗಳು ಲಗೋರಿ, ಅದರಲ್ಲೂ ಬಿ ಹಾಕಿಬಿಟ್ಟಾರು" ಅಂತ ಸೊಸೆ ಬಾಗಿಲಿಗೆ ಅಡ್ಡ ನಿಂತಳು.